ಕಪ್ಪು ನೆಲ, ಬಿಳಿ ಗೆರೆ, ಒಂದು ಚೂರು ಹಿತ್ತಾಳೆ

ಮನೆಗೆ ಇಂಟೀರಿಯರ್ ಮಾಡಿಸುವವರ ಮುಂದೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ನಳ ಕ್ರೋಮ್ ಇದ್ದರೆ ಬಾಗಿಲ ಹಿಡಿಕೆ ಮ್ಯಾಟ್ ಬ್ಲ್ಯಾಕ್ ಹಾಕಬಹುದಾ? ಅದರ ಮೇಲೆ ಹಿತ್ತಾಳೆಯ ದೀಪ ತೂಗುಬಿಟ್ಟರೆ ಸಂತೆ ಆಗಿಬಿಡುತ್ತದಾ? ಒಬ್ಬ ಡಿಸೈನರ್ ಎಲ್ಲವೂ ಒಂದೇ ಫಿನಿಶ್ ಇರಲಿ ಅನ್ನುತ್ತಾರೆ. ಇನ್ನೊಬ್ಬರು ಎರಡು ಓಕೆ, ಮೂರನೆಯದು ಬೇಡ ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಇಬ್ಬರೂ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಈ ನಿಯಮ ಎಲ್ಲಿಂದ ಬಂತು ಎಂಬ ಕುತೂಹಲ ನನಗೆ ಹುಟ್ಟಿದ್ದು ಬಿಜ್ಜರಗಿಯ ನಮ್ಮ ಹಳೇ ಮನೆ ರಿಪೇರಿಗೆ ಬಂದಾಗ. ಆ ಮನೆಯಲ್ಲಿ ಇಂಥ ನಿಯಮದ ಗುರುತೇ ಇರಲಿಲ್ಲ. ಆದರೂ ಅಲ್ಲಿ ಯಾವ ಲೋಹವೂ ಕಣ್ಣಿಗೆ ಚುಚ್ಚುತ್ತಿರಲಿಲ್ಲ.

ಮುಂಬಾಗಿಲಿನಿಂದ ಹಿತ್ತಲಿನವರೆಗೆ ಒಮ್ಮೆ ನಡೆದು ನೋಡಿ. ಬಾಗಿಲ ಚಿಲಕ, ಕೊಂಡಿ, ಬಿಜಾಗ್ರಿ, ತೊಟ್ಟಿಲು ಕಟ್ಟುವ ಸರಪಳಿ ಎಲ್ಲ ಕಬ್ಬಿಣ, ಎಲ್ಲ ಕಪ್ಪು. ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ತಾಮ್ರದ್ದು. ಕುಡಿಯುವ ನೀರಿನ ಕೊಡ, ಚರಿಗೆ ಹಿತ್ತಾಳೆಯವು. ದೇವರ ಮನೆಯ ಸಮಯಿಯೂ ಹಿತ್ತಾಳೆ. ಅಡುಗೆಮನೆಯ ಹಲಗೆಯ ಮೇಲೆ 1970ರ ನಂತರ ಬಂದ ಸ್ಟೀಲಿನ ಡಬ್ಬಿಗಳ ಸಾಲು. ಹಿತ್ತಲಿನ ನಳಕ್ಕೆ ಕ್ರೋಮ್ ಕಿತ್ತುಹೋಗಿ ಒಳಗಿನ ಹಳದಿ ಕಾಣುತ್ತಿತ್ತು. ಐದು ಲೋಹ, ಐದು ಬಣ್ಣ.

ಇದನ್ನು ಯಾರೂ ಕೂತು ಡಿಸೈನ್ ಮಾಡಿದ್ದಲ್ಲ. ಪ್ರತಿಯೊಂದು ಲೋಹವೂ ತನಗೆ ಒಗ್ಗುವ ಕೆಲಸದ ಜಾಗಕ್ಕೆ ಹೋಗಿ ಕೂತಿತ್ತು. ಒಣ ಜಾಗದಲ್ಲಿ ಬಲ ಬೇಕಾದಲ್ಲಿ ಕಬ್ಬಿಣ. ನೀರು ಮುಟ್ಟುವಲ್ಲಿ ತಾಮ್ರ, ಹಿತ್ತಾಳೆ, ಯಾಕೆಂದರೆ ಅವಕ್ಕೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಬೆಳಕಿನ ಜಾಗದಲ್ಲಿ ಹಿತ್ತಾಳೆ, ಯಾಕೆಂದರೆ ಅದು ಎಣ್ಣೆ ದೀಪದ ಪುಟ್ಟ ಉರಿಯನ್ನೂ ತಿರುಗಿ ಕೋಣೆಗೆ ಚೆಲ್ಲುತ್ತದೆ. ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು: "ತಮ್ಮಾ, ನೀರಿನ ಜಾಗಾಕ್ಕ ಕಬ್ಬಿಣ ಯಾರೂ ಇಡಾಂಗಿಲ್ಲ. ಬಾಗಲಕ್ಕ ಹಿತ್ತಾಳಿ ಹಾಕಿದ್ರ ಕಳ್ಳ ಬಾಗಲಾ ಬಿಟ್ಟು ಚಿಲಕಾನ ಒಯ್ತಾನ."

ಕಬ್ಬಿಣದ ಆ ಕಪ್ಪೂ ಬಳಿದ ಬಣ್ಣವಲ್ಲ. ಕಂಬಾರರ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಮೇಲೆ ತಾನಾಗಿಯೇ ಒಂದು ಕರೀ ಪದರ ಕಟ್ಟುತ್ತದೆ. ಇನ್ನೂ ಬಿಸಿ ಇರುವಾಗಲೇ ಅದಕ್ಕೆ ಎಣ್ಣೆ ಸವರಿದರೆ ಎಣ್ಣೆ ಸುಟ್ಟು ಗಟ್ಟಿ ಪೊರೆಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಕಡೆ ಕುಸುಬಿ ಎಣ್ಣೆ ಮನೆಮನೆಯಲ್ಲೂ ಇರುತ್ತಿತ್ತು, ಮತ್ತು ಕುಸುಬಿ ಎಣ್ಣೆ ಗಾಳಿಗೆ ತಾನೇ ಒಣಗಿ ಪೊರೆ ಕಟ್ಟುವ ಜಾತಿಯದು. ಇಂದು ಶೋರೂಮಿನಲ್ಲಿ ಮ್ಯಾಟ್ ಬ್ಲ್ಯಾಕ್ ಎಂದು ಮಾರುವ ಹೊಳಪಿಲ್ಲದ ಕಪ್ಪು ಹಳ್ಳಿಯ ಚಿಲಕದ ಮೇಲೆ ಮೊದಲಿನಿಂದಲೂ ಇತ್ತು, ಅದಕ್ಕೆ ಹೆಸರು ಮಾತ್ರ ಇರಲಿಲ್ಲ.

ಅಡುಗೆಮನೆಯಲ್ಲಿ ಇನ್ನೊಂದು ಬಗೆಯ ಬೆರಕೆ ಇತ್ತು, ಒಂದೇ ಪಾತ್ರೆಯಲ್ಲಿ ಎರಡು ಲೋಹ. ಆಯಿ ಹೇಳುವಂತೆ "ಹುಳಿ ಮಾಡು ಪಾತೇಲಿಗಿ ಕಲಾಯಿ ಇಲ್ಲಂದ್ರ ಕಿಲುಬು ಏರ್ತೈತಿ." ಹುಣಸೆಹುಳಿ ಹಿತ್ತಾಳೆಯನ್ನೋ ತಾಮ್ರವನ್ನೋ ಕರಗಿಸಿ ಅಡುಗೆಯನ್ನು ವಿಷ ಮಾಡುತ್ತದೆ, ಅದಕ್ಕೇ ಒಳಮೈಗೆ ತವರದ ತೆಳು ಪದರ. ಕಲಾಯಿ ಹಾಕುವವರು ಬಂದರೆ ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದರು. ತಿದಿಯೂದಿ ಪಾತ್ರೆ ಕಾಯಿಸುವುದು, ಒಂದು ಚಿಟಿಕೆ ನವಸಾಗರದ ಪುಡಿ ಎಸೆಯುವುದು, ಬುಸ್ ಎಂದು ಬಿಳಿ ಹೊಗೆ ಎದ್ದೊಡನೆ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಸರ್ರನೆ ಸವರುವುದು. ಹಳದಿ ಪಾತ್ರೆಯ ಹೊಟ್ಟೆ ಕಣ್ಣೆದುರೇ ಬೆಳ್ಳಗಾಗುತ್ತಿತ್ತು. ನವಸಾಗರದ ಕೆಲಸ ಲೋಹದ ಮೇಲಿನ ಕೊಳೆ ಪದರವನ್ನು ತಿಂದು ಹಾಕುವುದು. ಹಾಗಾದಾಗ ಮಾತ್ರ ತವರ ಅಂಟುತ್ತದೆ. ಈ ನವಸಾಗರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ಬೀದರಿನಲ್ಲಿ ಮತ್ತೆ ಸಿಗುತ್ತದೆ.

ಹೊರಗೆ ಹಳದಿ, ಒಳಗೆ ಬಿಳಿ. ಇದೂ ಅಲಂಕಾರಕ್ಕೆ ಮಾಡಿದ್ದಲ್ಲ. ಹಾಗಾದರೆ ಬರೀ ಕಣ್ಣಿನ ಸಂತೋಷಕ್ಕಾಗಿ, ಬೇಕೆಂದೇ ಕಪ್ಪು, ಬಿಳಿ, ಹಳದಿ ಲೋಹಗಳನ್ನು ಒಂದೇ ವಸ್ತುವಿನಲ್ಲಿ ಕೂಡಿಸಿದವರು ಯಾರು? ಇದಕ್ಕೆ ಉತ್ತರ ಹುಡುಕಿ ದೂರ ಹೋಗಬೇಕಿಲ್ಲ. ಇಬ್ಬರೂ ನಮ್ಮ ನೆರೆಯವರೇ: ಒಬ್ಬರು ಬೀದರಿನ ಕುಶಲಕರ್ಮಿಗಳು, ಇನ್ನೊಬ್ಬರು ಅವರಿಗೆ ಗಿರಾಕಿಯಾಗಿದ್ದ ದಖ್ಖನಿನ ಸುಲ್ತಾನರ ದರ್ಬಾರು.

1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಇಲ್ಲಿ ಮೊದಲ ಬಾರಿ ತಂಬಾಕು ಕಂಡ. ಅದನ್ನೂ ಸೇದುವುದಕ್ಕೆ ಒಂದು ಚೆಂದದ ಕೊಳವೆಯನ್ನೂ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಲ್ಲಿಂದ ಮುಂದೆ ಹುಕ್ಕಾ ಸಿರಿವಂತರ ಮನೆಯ ಸಾಮಾನಾಯಿತು, ಹುಕ್ಕಾದ ತಳದ ಪಾತ್ರೆ ಬಿದ್ರಿ ಕೆಲಸದವರ ಅಚ್ಚುಮೆಚ್ಚಿನ ವಸ್ತುವಾಯಿತು. 1619ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಬೀದರನ್ನು ಗೆದ್ದು ಬಿಜಾಪುರಕ್ಕೆ ಸೇರಿಸಿಕೊಂಡ. ಅಲ್ಲಿಗೆ ಆ ಊರಿನ ಕೆಲಸಗಾರರು ನಮ್ಮ ಬಿಜಾಪುರದ ಗೋಳಗುಮ್ಮಟ ಕಟ್ಟಿದ ರಾಜ್ಯದವರೇ ಆದರು.

ಬಿದ್ರಿ ಎಂದರೆ ಕಪ್ಪು ಕಲ್ಲಿನ ಮೇಲೆ ಬೆಳ್ಳಿ ಬಳಿದದ್ದು ಎಂದುಕೊಂಡವರು ಬಹಳ. ಅದು ಕಲ್ಲಲ್ಲ, ಸತು. ನಮ್ಮ ಕಡೆ ಜಸ್ತ ಅನ್ನುತ್ತೇವಲ್ಲ, ಅದೇ. ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇದನ್ನು ಕರಗಿಸಿ ಮರಳಿನ ಅಚ್ಚಿಗೆ ಎರೆದರೆ ಬೂದು ಬಣ್ಣದ ಎರಕ ಬರುತ್ತದೆ. ಅರದಿಂದ ತಿಕ್ಕಿ ನಯ ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರು ಬಳ್ಳಿಗೆ ಹೊಡೆಯುವುದೂ ಇದೇ ಮೈಲುತುತ್ತ. ಅದರಿಂದ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಕೆತ್ತುವವರ ಉಳಿ ಎಳೆದ ಗೆರೆ ಅದರ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆಯ ತೋಡಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಕುಟ್ಟಿ ಕೂರಿಸುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ.

ಆಮೇಲೆ ಇಡೀ ವಸ್ತುವನ್ನು ಉಜ್ಜಿ ಹೊಳಪು ಕೊಡುತ್ತಾರೆ. ಇದು ನನಗೆ ಬಹಳ ಇಷ್ಟವಾದ ಹಂತ, ಯಾಕೆಂದರೆ ಈ ಹೊತ್ತಿಗೆ ಚಿತ್ತಾರವೇ ಮಾಯ. ಮೈಲುತುತ್ತದ ಕಪ್ಪು ಹೋಗಿ ಸತುವಿನ ಬೂದು ಬಿಳುಪು, ಬೆಳ್ಳಿಯ ಬಿಳುಪು ಎರಡೂ ಒಂದರೊಳಗೊಂದು ಕಲೆತುಹೋಗಿರುತ್ತವೆ. ಅಷ್ಟು ಬೆಳ್ಳಿ ಕುಟ್ಟಿ ಕೂರಿಸಿದ್ದು ವ್ಯರ್ಥವಾಯಿತೇನೋ ಅನ್ನಿಸಬೇಕು. ಆಗ ಬೀದರ ಕೋಟೆಯ ಹಳೇ ಭಾಗದ ಮಣ್ಣು ಬರುತ್ತದೆ. ಕೆಲಸಗಾರರು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದರ ಜೊತೆ ನವಸಾಗರ ಮತ್ತು ನೀರು. ವಸ್ತುವನ್ನು ಹದವಾಗಿ ಬಿಸಿ ಮಾಡಿ ಈ ಕೆಸರನ್ನು ಉಜ್ಜಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಬಿಜ್ಜರಗಿಯ ಪಾತೇಲಿಯನ್ನು ಬೆಳ್ಳಗೆ ಮಾಡಿದ ಅದೇ ನವಸಾಗರ ಬೀದರಿನ ಹುಕ್ಕಾವನ್ನು ಕಪ್ಪಾಗಿಸುತ್ತದೆ. ಆ ಒಂದು ಭಾಗ ತಾಮ್ರಕ್ಕೂ ಇಲ್ಲಿ ಕೆಲಸ ಇದೆ, ಅದಿಲ್ಲದಿದ್ದರೆ ಈ ಕಪ್ಪು ಬರುವುದಿಲ್ಲ. ಕಡೆಗೆ ತೊಳೆದು ಎಣ್ಣೆ ಸವರಿದರೆ ಕಪ್ಪು ಇನ್ನೂ ಆಳವಾಗುತ್ತದೆ.

17ನೆಯ ಶತಮಾನದ ಕೆಲವು ಬಿದ್ರಿ ವಸ್ತುಗಳಲ್ಲಿ ಬೆಳ್ಳಿಯ ಜೊತೆಗೆ ಹಿತ್ತಾಳೆಯೂ ಇದೆ. ನಾನು ನೋಡಿದ ಕೆಲವುಗಳಲ್ಲಿ ಹಿತ್ತಾಳೆಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಆದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮೂರನೇ ಲೋಹ ಬೇಡ ಎನ್ನುವ ಡಿಸೈನರ್‌ಗೆ ಇದನ್ನು ತೋರಿಸಬೇಕು ಅನ್ನಿಸಿತು. ಇಲ್ಲಿ ಮೂರೂ ಇವೆ, ಸಮಪಾಲಿನಲ್ಲಿಲ್ಲ ಅಷ್ಟೆ. ಕಪ್ಪು ನೆಲವಾಗಿದೆ, ಬಿಳಿ ಗೆರೆಯಾಗಿದೆ, ಹಳದಿ ಚುಕ್ಕೆಯಾಗಿದೆ. ಉಜ್ಜಿ ಬೆಳ್ಳಗೆ ಮಾಡಿದ ಆ ನಡುವಿನ ಹಂತ ಇನ್ನೊಂದು ವಿಷಯವನ್ನೂ ಹೇಳುತ್ತದೆ. ದೂರದ ಬಣ್ಣಗಳು ಒಟ್ಟಿಗೆ ಕೂತರೆ ಸಮಸ್ಯೆ ಇಲ್ಲ, ಹತ್ತಿರದ ಬಣ್ಣಗಳು ಕೂತಾಗಲೇ ಎರಡೂ ಕೆಡುತ್ತವೆ. ಬಚ್ಚಲಲ್ಲಿ ನೀಲಿ ಛಾಯೆಯ ಕನ್ನಡಿಯಂಥ ಕ್ರೋಮ್ ನಳ, ಅದರ ಪಕ್ಕಕ್ಕೇ ಬೂದು ಛಾಯೆಯ ಬ್ರಶ್ಡ್ ಸ್ಟೀಲ್ ಟವೆಲ್ ಕಂಬಿ ಹಾಕಿದರೆ, ಮ್ಯಾಚ್ ಮಾಡಲು ಹೋಗಿ ತಪ್ಪಿದಂತೆ ಕಾಣುತ್ತದೆ. ಅದೇ ಕಂಬಿ ಕಪ್ಪಗಿದ್ದರೆ ಬೇಕೆಂದೇ ಹಾಕಿದ್ದು ಎಂದು ಗೊತ್ತಾಗುತ್ತದೆ.

ಹಾಗಿದ್ದರೆ ಎಲ್ಲ ಒಂದೇ ಇರಬೇಕು ಎಂಬ ನಿಯಮ ಹುಟ್ಟಿದ್ದು ಯಾವಾಗ? ಲೋಹ ಬೇರೆ, ಅದರ ಮೈಬಣ್ಣ ಬೇರೆ ಆದಾಗ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ವಿದ್ಯುತ್ತಿನಿಂದ ಬೆಳ್ಳಿ, ಬಂಗಾರದ ಲೇಪ ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆಮೇಲೆ ನಿಕ್ಕೆಲ್ ಲೇಪ ಬಂತು. 1920ರ ದಶಕದಲ್ಲಿ ಕ್ರೋಮ್ ಲೇಪ ಕಾರ್ಖಾನೆಗಳಿಗೆ ಬಂತು, ಕೆಲವೇ ವರ್ಷಗಳಲ್ಲಿ ಕಾರಿನ ಬಂಪರಿನಿಂದ ಬಾತ್‌ರೂಮಿನ ನಳದವರೆಗೆ ಎಲ್ಲ ಒಂದೇ ಬಿಳುಪಾಯಿತು. ನಳ, ಶವರ್, ಟವೆಲ್ ಕಂಬಿ, ಸೋಪಿನ ತಟ್ಟೆ, ಇವೆಲ್ಲ ಬೇರೆ ಬೇರೆ ಲೋಹದವಾಗಿದ್ದರೂ ಒಂದೇ ತೊಟ್ಟಿಯಲ್ಲಿ ಮುಳುಗಿ ಎದ್ದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹಾಗೆ ಕಂಡರೆ ಸೆಟ್ ಎಂದು ಮಾರಬಹುದು. ಒಂದೇ ಫಿನಿಶ್ ಎಂಬುದು ಸೌಂದರ್ಯದ ನಿಯಮ ಆಗುವುದಕ್ಕೆ ಮೊದಲು ಕ್ಯಾಟಲಾಗಿನ ಅನುಕೂಲವಾಗಿತ್ತು ಎಂಬುದು ನನ್ನ ಅನಿಸಿಕೆ.

ಸ್ಟೀಲಿನ ಕತೆ ಬೇರೆ, ಅದು ಲೇಪವಲ್ಲ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಮಾಡಿದ. ನಮ್ಮ ಹಳ್ಳಿಗಳಿಗೆ ಅದು ಬರುವುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಬಂದಾಗ ಮಾತ್ರ ಪೂರ್ತಿ ಗೆದ್ದಿತು: ಕಲಾಯಿ ಬೇಡ, ಹುಣಸೆ ಹಚ್ಚಿ ತಿಕ್ಕುವುದು ಬೇಡ. ಹಿತ್ತಾಳೆ ಕೊಡ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡ ಮನೆಗಳು ನಮ್ಮ ಓಣಿಯಲ್ಲೇ ಎಷ್ಟೋ. ಆಯಿ ಅದನ್ನು ನಷ್ಟ ಎಂದು ಎಂದೂ ಹೇಳಿಲ್ಲ. ಬೆಳಿಗ್ಗೆ ಬೂದಿ ಹಚ್ಚಿ ಪಾತ್ರೆ ತಿಕ್ಕಿದ ಕೈ ಅದು, ಹಿತ್ತಾಳೆಯ ಹಳಹಳಿಕೆ ನನ್ನಂಥವರಿಗೆ ಮಾತ್ರ.

ಈಗ ರಿಪೇರಿಗೆ ಬರೋಣ. ನಮ್ಮ ಅಣ್ಣನದು, ಅಂದರೆ ಕಾಕಾನ ಮಗನದು, ಒಂದೇ ಹಟ: "ಎಲ್ಲಾ ಒಂದ ನಮೂನಿ ಕರೇದು ಹಾಕ್ಸೂಣು. ಈಗ ಅದ ನಡದೈತಿ. ಹಳೇದೆಲ್ಲಾ ಮೋಡಕಾಕ್ಕ ಹಾಕೂಣು." ಹಂಡೆ, ಕೊಡ, ಸಮಯಿ ತೂಗಿಸಿದರೆ ಹೊಸ ನಳಗಳ ಖರ್ಚಿನಲ್ಲಿ ಒಂದು ಪಾಲು ಬರುತ್ತದೆ ಎಂಬ ಲೆಕ್ಕವೂ ಅವನ ಹತ್ತಿರ ಇತ್ತು. ವಾದ ಮಾಡುವ ಬದಲು ನಾನು ಅವನನ್ನು ಹೊಲದ ಮನೆಯ ಬಚ್ಚಲಿಗೆ ಕರೆದೊಯ್ದೆ. ಅಲ್ಲಿ ಎರಡು ವರ್ಷದ ಹಿಂದೆ ಅವನೇ ಕಪ್ಪು ಸೆಟ್ ಹಾಕಿಸಿದ್ದ.

ಅಲ್ಲಿಯ ನೀರು ಬೋರಿನದು, ಗಡಸು ನೀರು. ಹನಿ ಒಣಗಿದಲ್ಲೆಲ್ಲ ಸುಣ್ಣದ ಕಲೆ ಉಳಿಯುತ್ತದೆ. ಕ್ರೋಮಿನ ಮೇಲೆ ಬಿಳಿ ಕಲೆ ಹೊಳಪಿನಲ್ಲಿ ಅಡಗಿಕೊಳ್ಳುತ್ತದೆ, ಕಪ್ಪಿನ ಮೇಲೆ ಅಡಗಲು ಜಾಗ ಇಲ್ಲ. ನಳದ ಬಾಯಿಯ ಸುತ್ತ ಬಿಳಿ ಬಳೆ ಕಟ್ಟಿತ್ತು. ಯಾರೋ ಅದನ್ನು ಪಾಯಿಖಾನೆ ತೊಳೆಯುವ ಆಸಿಡ್ ಹಾಕಿ ಉಜ್ಜಿದ್ದರು, ಸುಣ್ಣದ ಜೊತೆ ಕಪ್ಪೂ ಹೋಗಿ ಎರಡು ಕಡೆ ಹಳದಿ ಇಣುಕುತ್ತಿತ್ತು. ನಳ ಬಿಚ್ಚಿ ಒಳಗಿನ ತಿರುಪಿನ ಸುತ್ತು ನೋಡಿದೆವು. ಅದೂ ಹಳದಿ, ಅಂದರೆ ಹಿತ್ತಾಳೆ. ಅಣ್ಣನಿಗೆ ನಗು ಬಂತು. ಮೋಡಕಾಕ್ಕೆ ಹಾಕಬೇಕೆಂದಿದ್ದ ಲೋಹವನ್ನೇ ದುಡ್ಡು ಕೊಟ್ಟು, ಕಪ್ಪು ಅಂಗಿ ತೊಡಿಸಿ ಮನೆಗೆ ತಂದಿದ್ದ.

ಒಳ್ಳೆಯ ನಳಗಳು ಕಪ್ಪಿರಲಿ, ಕ್ರೋಮ್ ಇರಲಿ, ಬಂಗಾರದ ಬಣ್ಣವಿರಲಿ, ಸಾಮಾನ್ಯವಾಗಿ ಒಳಗೆ ಹಿತ್ತಾಳೆಯೇ. ಸುಮಾರು ಅರವತ್ತು ಪಾಲು ತಾಮ್ರ, ನಲವತ್ತರ ಹತ್ತಿರ ಸತು. ಬಿದ್ರಿಯಲ್ಲಿರುವ ಎರಡೇ ಲೋಹಗಳು, ಪ್ರಮಾಣ ಮಾತ್ರ ಬೇರೆ. ಹೊಳೆಯುವ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಅದರಡಿ ಕೆಲವು ಮೈಕ್ರಾನ್ ನಿಕ್ಕೆಲ್. ನಮ್ಮ ತಲೆಗೂದಲು ಇದಕ್ಕಿಂತ ಎಷ್ಟೋ ಪಾಲು ದಪ್ಪ. ಕಪ್ಪು ಬರುವುದು ಪೇಂಟಿನಿಂದ, ಪುಡಿ ಲೇಪದಿಂದ, ಇಲ್ಲವೇ ನಿರ್ವಾತದಲ್ಲಿ ಲೋಹದ ಆವಿ ಕೂರಿಸುವ ಪಿವಿಡಿ ಎಂಬ ವಿಧಾನದಿಂದ. ಕೊನೆಯದು ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ಹಾಗೇ.

ಬಿದ್ರಿಯ ಕಪ್ಪೂ ತೆಳುವೇ, ಒರಟಾಗಿ ಉಜ್ಜಿದರೆ ಅದೂ ಹೋಗುತ್ತದೆ. ಆದರೆ ಆ ಕಪ್ಪು ಅದರ ಲೋಹದಿಂದಲೇ ಹುಟ್ಟಿದ್ದು. ಮತ್ತೆ ಬಿಸಿ ಮಾಡಿ ಮಣ್ಣು ಹಚ್ಚಿದರೆ ಮತ್ತೆ ಬರುತ್ತದೆ. ಕಂಬಾರರ ಚಿಲಕವೂ ಹಾಗೆಯೇ, ಕಾಯಿಸಿ ಎಣ್ಣೆ ಸವರಿದರೆ ಹೊಸದು. ನಳದ ಕಪ್ಪು ಒಮ್ಮೆ ಹೋದರೆ ಮನೆಯಲ್ಲಿ ಕೂತು ತರಿಸುವ ದಾರಿ ಇಲ್ಲ.

ಅದೇ ಬಚ್ಚಲ ಬಾಗಿಲಿನ ಕಪ್ಪು ಹಿಡಿಕೆ ಇನ್ನೂ ಹದಗೆಟ್ಟಿತ್ತು. ಲೇಪದಡಿ ಗುಳ್ಳೆ ಎದ್ದು, ಒಡೆದಲ್ಲಿ ಬಿಳಿ ಪುಡಿ ಉದುರುತ್ತಿತ್ತು. ಬಿಚ್ಚಿ ನೋಡಿದರೆ ತಿರುಪಿನ ತೂತಿನೊಳಗೆ ಹಳದಿ ಇಲ್ಲ, ಬೂದು ಬಿಳುಪು. ಸತುವಿನ ಎರಕ. ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದ ಇದನ್ನು ಅಂಗಡಿಯವರು ಜಾಮಕ್ ಅನ್ನುತ್ತಾರೆ, ಅಗ್ಗದ ಹಿಡಿಕೆಗಳಲ್ಲಿ ಬಹಳಷ್ಟು ಇದೇ. ಒಣ ಕೋಣೆಯಲ್ಲಿ ಇದಕ್ಕೆ ಏನೂ ತೊಂದರೆ ಇಲ್ಲ. ಒದ್ದೆ ಜಾಗದಲ್ಲಿ ಲೇಪ ಒಡೆದರೆ ಒಳಗಿನಿಂದ ತಿಂದುಹೋಗುತ್ತದೆ. ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದರಿಂದ ಉಪಯೋಗ ಇಲ್ಲ, ಹಿತ್ತಾಳೆ, ಸತು ಎರಡಕ್ಕೂ ಅದು ಅಂಟುವುದಿಲ್ಲ. ಕೈಯಲ್ಲಿ ತೂಗಿ ನೋಡಿ, ಒಂದೇ ಗಾತ್ರ, ಒಂದೇ ಆಕಾರದ ಗಟ್ಟಿ ತುಂಡಾದರೆ ಹಿತ್ತಾಳೆ ಹೆಚ್ಚು ಭಾರ. ಅದಕ್ಕಿಂತ ಖಾತ್ರಿ ಎಂದರೆ ಲೇಪ ತಲುಪದ ತಿರುಪಿನ ತೂತಿನೊಳಗೆ ಟಾರ್ಚ್ ಹಾಕಿ ನೋಡುವುದು.

ಬಿಜ್ಜರಗಿ ಮನೆಗೆ ಕೊನೆಗೆ ಇಬ್ಬರೂ ಒಪ್ಪಿದ ಪಟ್ಟಿ ಹೀಗಾಯಿತು. ಬಾಗಿಲುಗಳಿಗೆಲ್ಲ ಕಪ್ಪು. ಹಳೇ ಚಿಲಕಗಳನ್ನು ಕಂಬಾರರಲ್ಲಿ ಕಾಯಿಸಿ ಎಣ್ಣೆ ಹಚ್ಚಿಸಿದೆವು, ಹೊಸ ಕೋಣೆಗಳಿಗೆ ಕಪ್ಪು ಲೇಪದ ಹಿಡಿಕೆ ತಂದೆವು, ಒಣ ಜಾಗವಾದ್ದರಿಂದ ಜಾಮಕ್ ನಡೆಯುತ್ತದೆ. ನೀರಿರುವಲ್ಲೆಲ್ಲ ಬಿಳಿ: ಬಚ್ಚಲಿಗೆ ಕ್ರೋಮ್ ನಳ, ಅಡುಗೆಮನೆಗೆ ಸ್ಟೀಲ್ ಸಿಂಕು ಮತ್ತು ಸ್ಟೀಲಿನದೇ ನಳ. ಇವೆರಡು ಬಿಳುಪು ಒಂದೇ ಕೋಣೆಯಲ್ಲಿ ಸೇರುವುದಿಲ್ಲ. ಅಣ್ಣನ ಸಮಾಧಾನಕ್ಕೆ ಕೈ ತೊಳೆಯುವ ಬೇಸಿನ್ನಿಗೆ ಒಂದೇ ಒಂದು ಕಪ್ಪು ನಳ ಬಂತು. ದಿನಾ ರಾತ್ರಿ ಒಣ ಬಟ್ಟೆಯಿಂದ ಒರೆಸುವ ಹೊಣೆ ಅವನದು. ಬಿಳಿ ಕಟ್ಟಿದರೆ ನೀರು ಬೆರೆಸಿದ ನಿಂಬೆರಸ ಸವರಿ, ಕೂಡಲೇ ತೊಳೆದು ಒರೆಸಬೇಕು, ಹಾಗೇ ಬಿಟ್ಟರೆ ನಿಂಬೆಯೂ ಆಸಿಡ್ಡೇ.

ಹಿತ್ತಾಳೆ ಎರಡೇ ಕಡೆ. ದೇವರ ಮನೆಯ ಸಮಯಿ, ಮತ್ತು ಪಡಸಾಲೆಯಲ್ಲಿ ತೂಗುವ ಒಂದು ದೀಪ. ದೀಪಕ್ಕೆ ವಾರ್ನಿಶ್ ಇಲ್ಲದ ಬರೀ ಹಿತ್ತಾಳೆಯನ್ನೇ ಹುಡುಕಿದೆವು. ಬಂಗಾರದ ಬಣ್ಣದ ಲೇಪವಿದ್ದರೆ ಅದು ಹತ್ತು ವರ್ಷ ಕಳೆದರೂ ಹಾಗೇ ಇರುತ್ತದೆ, ಸಮಯಿ ಮಾತ್ರ ದಿನದಿನಕ್ಕೆ ಕಂದುತ್ತದೆ, ಎರಡು ಹಳದಿಗಳು ಬೇರೆಯಾಗಿಬಿಡುತ್ತವೆ. ಈಗ ಎರಡೂ ಒಟ್ಟಿಗೆ ಕಂದುತ್ತವೆ, ದೀಪಾವಳಿಗೆ ಒಟ್ಟಿಗೆ ಹುಣಸೆ ಕಾಣುತ್ತವೆ.

ಹಂಡೆ ಮೋಡಕಾಕ್ಕೆ ಹೋಗಲಿಲ್ಲ, ಬಚ್ಚಲ ಒಲೆಯ ಮೇಲೇ ಇದೆ. ಮುಂಬಾಗಿಲಿಗೆ ಹಿತ್ತಾಳೆಯ ಕಡಗ ಹಾಕಿಸುವ ಆಸೆ ನನಗಿತ್ತು, ಕಾಕಾ ಕಳ್ಳರ ಮಾತು ಬಿಡಲಿಲ್ಲ. ಹಾಕಿಸುವುದೇ ಆದರೆ ಅದಕ್ಕೆ ಕಬ್ಬಿಣದ ಸ್ಕ್ರೂ ಹಾಕಬೇಡಿ ಎಂದು ಬಡಿಗೇರರು ಹೇಳಿದ್ದು ಬರೆದಿಟ್ಟುಕೊಂಡಿದ್ದೇನೆ. ಮಳೆ ನೀರು ತಾಗುವ ಜಾಗದಲ್ಲಿ ಹಿತ್ತಾಳೆಗೆ ಅಂಟಿಕೊಂಡ ಸಣ್ಣ ಕಬ್ಬಿಣವೇ ಮೊದಲು ಸಾಯುತ್ತದೆ, ಕಡಗ ಚೆನ್ನಾಗಿರುವಾಗಲೇ ತಲೆ ಮುರಿದು ಉದುರುತ್ತದೆ. ಹಿತ್ತಾಳೆಯದೋ ಸ್ಟೀಲಿನದೋ ಸ್ಕ್ರೂ ಬೇಕು, ಅವು ಈಗ ತಿಕೋಟಾದಲ್ಲೇ ಸಿಗುತ್ತವೆ.